ಅಪ್ಪನ ಗಾಯ, ಅಣ್ಣನ ಮರೆವು, ತಮ್ಮನ ಅನುಮಾನ: ಮನೆಯೊಳಗಿನ ರಕ್ಷಣಾ ತಂತ್ರಗಳನ್ನು ಗುರುತಿಸುವ ಕ್ರಮ

ಒಂದೇ ಸಂಕಟ ಮನೆಗೆ ಬಂದಾಗ ಮನೆಯವರೆಲ್ಲರೂ ಅದನ್ನು ಒಂದೇ ರೀತಿಯಲ್ಲಿ ಎದುರಿಸುವುದಿಲ್ಲ. ಒಬ್ಬರು ಅಂಥ ಸಂಕಟವೇ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು ಸಂಕಟವನ್ನು ಒಪ್ಪಿಕೊಂಡರೂ ಅದರಿಂದ ತಮ್ಮ ಮನಸ್ಸಿಗೆ ಏನೂ ಆಗಿಲ್ಲ ಎನ್ನುತ್ತಾರೆ. ಮತ್ತೊಬ್ಬರು ತಮ್ಮೊಳಗೆ ಎದ್ದ ಭಾವನೆಯನ್ನು ತಮ್ಮದೆಂದು ಗುರುತಿಸಲಾರದೆ ಅದನ್ನು ಎದುರಿಗಿರುವವರಲ್ಲಿ ಕಾಣುತ್ತಾರೆ. ಮನೋವಿಶ್ಲೇಷಣೆಯ ಪರಂಪರೆಯು ಈ ಮೂರನ್ನು ಕ್ರಮವಾಗಿ ನಿರಾಕರಣೆ, ದಮನ ಮತ್ತು ಪ್ರಕ್ಷೇಪಣೆ ಎಂದು ಕರೆಯುತ್ತದೆ. ಇವುಗಳ ಹೆಸರುಗಳು ಪಿಯುಸಿ ಮನೋವಿಜ್ಞಾನ ಓದಿದವರಿಗೆಲ್ಲ ಗೊತ್ತಿರುತ್ತವೆ. ಆದರೆ ನಡೆಯುತ್ತಿರುವ ಸಂಸಾರದ ನಡುವೆ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವುದು, ಅದಕ್ಕಿಂತ ಹೆಚ್ಚಾಗಿ ಅವುಗಳ ಎದುರು ಹೇಗೆ ಮಾತನಾಡಬೇಕೆಂದು ತಿಳಿಯುವುದು, ಬೇರೆಯದೇ ಕೆಲಸ. ಈ ಲೇಖನವು ಆ ಕೆಲಸವನ್ನು ಒಂದು ಮನೆಯ ಉದಾಹರಣೆಯ ಮೂಲಕ ಹಂತ ಹಂತವಾಗಿ ವಿವರಿಸುತ್ತದೆ.

ಮನಸ್ಸು ತನಗೆ ಸಹಿಸಲಾಗದ ವಿಚಾರದಿಂದ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ ಎಂಬ ಮಾತನ್ನು ಸಿಗ್ಮಂಡ್ ಫ್ರಾಯ್ಡ್ 1894ರ ಒಂದು ಪ್ರಬಂಧದಲ್ಲಿ ಮುಂದಿಟ್ಟರು. 1926ರಲ್ಲಿ ಅವರು ಅದಕ್ಕೆ ಒಂದು ಮುಖ್ಯ ತಿದ್ದುಪಡಿಯನ್ನು ಸೇರಿಸಿದರು: ಆತಂಕವು ಒಂದು ಸೂಚನೆ, ಆ ಸೂಚನೆ ಸಿಕ್ಕೊಡನೆ ರಕ್ಷಣೆ ಶುರುವಾಗುತ್ತದೆ. ಅವರ ಮಗಳು ಆನಾ ಫ್ರಾಯ್ಡ್ 1936ರಲ್ಲಿ ಈ ರಕ್ಷಣಾ ತಂತ್ರಗಳನ್ನೆಲ್ಲ ಒಂದು ಪುಸ್ತಕದಲ್ಲಿ ಕ್ರಮಬದ್ಧವಾಗಿ ವಿವರಿಸಿದರು. ನಮ್ಮ ದೇಶದಲ್ಲಿ ಈ ಚಿಂತನೆ ತಡವಾಗಿ ಬಂದದ್ದೇನಲ್ಲ. ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್ ದಮನದ ಕುರಿತ ತಮ್ಮ ಪುಸ್ತಕವನ್ನು 1921ರಲ್ಲಿ ಪ್ರಕಟಿಸಿ, ಮರುವರ್ಷವೇ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಕಟ್ಟಿದರು. ಈ ಇತಿಹಾಸದಿಂದ ನಮಗೆ ಇಲ್ಲಿ ಬೇಕಾಗಿರುವುದು ಎರಡೇ ಸಂಗತಿಗಳು. ರಕ್ಷಣಾ ತಂತ್ರವು ಆ ವ್ಯಕ್ತಿಯ ಅರಿವಿಗೆ ಬಾರದೆಯೇ ನಡೆಯುತ್ತದೆ. ಮತ್ತು ಅದರ ಹಿಂದೆ ಯಾವಾಗಲೂ ಒಂದು ಭಯವಿರುತ್ತದೆ. ಮುಂದಿನ ಎಲ್ಲ ಹೆಜ್ಜೆಗಳೂ ಈ ಎರಡು ಸಂಗತಿಗಳ ಮೇಲೆ ನಿಂತಿವೆ.

ಉದಾಹರಣೆಯ ಮನೆ

ಬೇಲೂರು ತಾಲ್ಲೂಕಿನ ಒಂದು ಹಳ್ಳಿಯ ಮನೆಯನ್ನು ಊಹಿಸಿಕೊಳ್ಳಿ. ಇದು ಯಾವುದೇ ಒಂದು ಕುಟುಂಬದ ಕಥೆಯಲ್ಲ, ವಿವರಣೆಗಾಗಿ ಕಟ್ಟಿಕೊಂಡ ಮನೆ. ಐದು ಎಕರೆ ಕಾಫಿ ತೋಟ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ, ಕೆಳಗೆ ಒಂದಿಷ್ಟು ಗದ್ದೆ. ಯಜಮಾನರಿಗೆ ಅರವತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿದೆ. ಹಿರಿಯ ಮಗ ತೋಟ ನೋಡಿಕೊಂಡು ಮನೆಯಲ್ಲೇ ಇದ್ದಾನೆ. ಅವನು ಹಾಸನದ ಕಾಲೇಜಿನಲ್ಲಿ ಬಿಎಸ್ಸಿ ಮೊದಲ ವರ್ಷ ಓದುತ್ತಿದ್ದಾಗ ಅಪ್ಪನಿಗೆ ಆಪರೇಷನ್ ಆಯಿತು, ಕೊಯ್ಲಿನ ಕಾಲವಾದ್ದರಿಂದ ಅವನು ಊರಿಗೆ ಬಂದ, ಮತ್ತೆ ಕಾಲೇಜಿಗೆ ಹೋಗಲಿಲ್ಲ. ಕಿರಿಯ ಮಗ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಆಸ್ತಿ ಇನ್ನೂ ಭಾಗವಾಗಿಲ್ಲ. ಭಾಗದ ಮಾತನ್ನು ಯಾರೂ ಎತ್ತುವುದೂ ಇಲ್ಲ. ಯಜಮಾನರ ಅಣ್ಣನಿಗೂ ಸಕ್ಕರೆ ಕಾಯಿಲೆಯಿತ್ತು. ಕೆಲವು ವರ್ಷಗಳ ಹಿಂದೆ ಅವರ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು, ಅದೇ ವರ್ಷ ಅವರು ತೀರಿಕೊಂಡರು.

ಈಗ, ಕಾಫಿ ಕೊಯ್ಲು ನಡೆಯುತ್ತಿರುವ ಡಿಸೆಂಬರಿನಲ್ಲಿ, ಯಜಮಾನರ ಬಲಗಾಲಿನ ಹೆಬ್ಬೆರಳ ಕೆಳಗೆ ಒಂದು ಗಾಯವಾಗಿದೆ. ಇದನ್ನೆಲ್ಲ ಹತ್ತಿರದಿಂದ ನೋಡುತ್ತಿರುವವಳು ಹಿರಿಯ ಸೊಸೆ. ಈ ಮಾರ್ಗದರ್ಶಿಯ ಹೆಜ್ಜೆಗಳನ್ನು ಅವಳ ಜಾಗದಲ್ಲಿ ನಿಂತೇ ನೋಡೋಣ, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ಇಂಥ ಸಂಗತಿಗಳನ್ನು ಗಮನಿಸುವವರೂ, ಗಮನಿಸಿದ್ದನ್ನು ಹೇಳುವ ಹಕ್ಕು ಕಡಿಮೆಯಿರುವವರೂ ಸೊಸೆಯಂದಿರೇ ಆಗಿರುತ್ತಾರೆ.

ಮೊದಲ ಹೆಜ್ಜೆ: ಕಂಡದ್ದನ್ನು ಮಾತ್ರ ಬರೆದುಕೊಳ್ಳುವುದು

ಚಿಕಿತ್ಸೆ ತುರ್ತಾಗಿ ಬೇಕಾದ ಕಡೆ ಈ ಬರವಣಿಗೆ ಮುಗಿಯಲೆಂದು ಕಾಯಬಾರದು, ಅದನ್ನು ಆರನೆಯ ಹೆಜ್ಜೆಯಲ್ಲಿ ಹೇಳಿದೆ. ಉಳಿದಂತೆ ಎರಡು ವಾರ, ಒಂದು ಸಣ್ಣ ಪುಸ್ತಕದಲ್ಲಿ, ಮೂರು ಸಂಗತಿಗಳನ್ನು ಬರೆದಿಡಿ: ಏನು ನಡೆದಾಗ ಮಾತು ಬಂತು, ಆ ವ್ಯಕ್ತಿ ಆಡಿದ ಮಾತು ಯಾವುದು, ಆ ನಂತರ ಅವರು ಏನು ಮಾಡಿದರು. ಮಾತನ್ನು ಅವರು ಆಡಿದ ಹಾಗೆಯೇ ಬರೆಯಬೇಕು. "ಮಾವ ಹಠ ಮಾಡಿದರು" ಎಂದು ಬರೆದರೆ ಅದು ನಿಮ್ಮ ತೀರ್ಪು, ಅದರಿಂದ ಮುಂದೆ ಏನೂ ತಿಳಿಯುವುದಿಲ್ಲ. ಸೊಸೆಯ ಪುಸ್ತಕದಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ: "ಸ್ನಾನಕ್ಕೆ ನೀರು ಕೊಟ್ಟಾಗ ಗಾಯ ಕಂಡಿತು. ಆಸ್ಪತ್ರೆಗೆ ಹೋಗೋಣವೇ ಎಂದೆ. 'ಮುಳ್ಳು ಚುಚ್ಚಿದ್ದು ಕಣಮ್ಮ, ಎರಡು ದಿನ ಅರಿಶಿನ ಹಚ್ಚಿದ್ರೆ ಮಾಗುತ್ತೆ' ಎಂದರು. ಆಮೇಲೆ ಪಂಚೆಯನ್ನು ಪಾದದವರೆಗೆ ಇಳಿಸಿಕೊಂಡು ಕಣದಲ್ಲಿ ಕಾಫಿ ಹರಡಲು ಹೋದರು."

ಇಂಥ ಐದಾರು ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ರಕ್ಷಣಾ ತಂತ್ರದ ಗುರುತುಗಳು ಕಾಣತೊಡಗುತ್ತವೆ. ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆಯವರು ಕೇಳಿದರೂ, ಉತ್ತರ ಅದೇ ವಾಕ್ಯದಲ್ಲಿ ಬರುತ್ತದೆ. ಮಾತು ಒಂದು ನಿರ್ದಿಷ್ಟ ಜಾಗಕ್ಕೆ ಬಂದ ಕೂಡಲೇ ವಿಷಯ ಬದಲಾಗುತ್ತದೆ. ಯಜಮಾನರ ವಿಷಯದಲ್ಲಿ ಆ ಜಾಗ 'ಹಾಸನದ ಆಸ್ಪತ್ರೆ' ಎಂಬ ಮಾತು. ಕೇಳಿದ ಪ್ರಶ್ನೆ ಚಿಕ್ಕದಾಗಿದ್ದರೂ ಬಂದ ಸಿಟ್ಟು ದೊಡ್ಡದಾಗಿರುತ್ತದೆ. ಎಲ್ಲಕ್ಕಿಂತ ನಂಬಬಹುದಾದ ಗುರುತೆಂದರೆ, ಆಡುವ ಮಾತಿಗೂ ಮಾಡುವ ಕೆಲಸಕ್ಕೂ ಹೊಂದಿಕೆಯಿಲ್ಲದಿರುವುದು. ಗಾಯ ದೊಡ್ಡದೇನಲ್ಲವೆನ್ನುವ ಮನುಷ್ಯ ಪಂಚೆಯನ್ನು ಕೆಳಗಿಳಿಸಿಕೊಳ್ಳಬೇಕಾಗಿರಲಿಲ್ಲ.

ಎರಡನೆಯ ಹೆಜ್ಜೆ: ಬೇರೆ ಕಾರಣಗಳನ್ನು ಮೊದಲು ತಳ್ಳಿಹಾಕುವುದು

ಈ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ಹಾನಿಯಾಗುವುದೂ ಇಲ್ಲಿಯೇ. ಹೊರನೋಟಕ್ಕೆ ರಕ್ಷಣಾ ತಂತ್ರದಂತೆ ಕಾಣುವ ಅನೇಕ ಸಂಗತಿಗಳು ರಕ್ಷಣಾ ತಂತ್ರಗಳಲ್ಲ.

ಸಕ್ಕರೆ ಕಾಯಿಲೆ ಹಳೆಯದಾದಾಗ ಪಾದದ ನರಗಳು ಕೆಟ್ಟು ನೋವು ತಿಳಿಯುವುದೇ ನಿಂತುಹೋಗಬಹುದು. ಆಗ "ನನಗೇನೂ ನೋವಿಲ್ಲ" ಎಂಬುದು ಮನಸ್ಸಿನ ನಿರಾಕರಣೆಯಲ್ಲ, ದೇಹದ ಸತ್ಯ. ವೈದ್ಯರು ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆಯನ್ನು ಪಾದದ ಬೇರೆ ಬೇರೆ ಜಾಗಗಳಿಗೆ ಮುಟ್ಟಿಸಿ, ಕಣ್ಣು ಮುಚ್ಚಿಕೊಂಡ ರೋಗಿಗೆ ಅದು ತಿಳಿಯುತ್ತದೆಯೇ ಎಂದು ನೋಡುತ್ತಾರೆ. ಕೆಲವೇ ನಿಮಿಷಗಳ ಪರೀಕ್ಷೆಯಿದು. ನೋವಿಲ್ಲದಿರುವುದೇ ಅಪಾಯದ ಗುರುತು ಎಂದು ಯಾರಾದರೂ ಒಮ್ಮೆ ಬಿಡಿಸಿ ಹೇಳಿದೊಡನೆ ಯಜಮಾನರು ಆಸ್ಪತ್ರೆಗೆ ಹೊರಟುಬಿಟ್ಟರೆ, ಅಲ್ಲಿದ್ದದ್ದು ತಿಳಿವಳಿಕೆಯ ಕೊರತೆ ಮಾತ್ರ. ನಿರಾಕರಣೆಯು ಹೊಸ ಮಾಹಿತಿಯಿಂದ ಕರಗುವುದಿಲ್ಲ. ಮಾಹಿತಿ ಹೆಚ್ಚಿದಂತೆ ಅದು ಗಟ್ಟಿಯಾಗುವುದೂ ಉಂಟು.

ಹಾಗೆಯೇ, ಮನೆಯ ಹಿರಿಯರು "ನನ್ನ ಸರ ಯಾರೋ ಕದ್ದಿದ್ದಾರೆ, ಸೊಸೆಯೇ ತೆಗೆದಿರಬೇಕು" ಎಂದು ಹೊಸದಾಗಿ ಹೇಳತೊಡಗಿದರೆ ಅದನ್ನು ಪ್ರಕ್ಷೇಪಣೆಯೆಂದು ತೀರ್ಮಾನಿಸಬೇಡಿ. ಇಟ್ಟ ಜಾಗ ಮರೆತುಹೋಗಿ, ಮರೆತದ್ದೂ ನೆನಪಿಲ್ಲದೆ, ಕಳವಾಗಿದೆಯೆಂದು ನಂಬುವುದು ಮರೆಗುಳಿ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣ. ದಾರಿ ತಪ್ಪುವುದು, ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ದುಡ್ಡಿನ ಲೆಕ್ಕ ತಪ್ಪುವುದು ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಮೊದಲು ವೈದ್ಯರ ಪರೀಕ್ಷೆಯಾಗಬೇಕು.

ಕೊನೆಯದಾಗಿ, ತಿಳಿದೂ ಮುಚ್ಚಿಡುವುದು ಬೇರೆ. ಕೊಯ್ಲಿನ ಕೂಲಿಗೆ ಹಣ ಬೇಕು, ಆಸ್ಪತ್ರೆಗೆ ಖರ್ಚು ಮಾಡುವುದು ಬೇಡ ಎಂದುಕೊಂಡು ಯಜಮಾನರು ಗಾಯದ ಮಾತನ್ನು ತಡೆಹಿಡಿದಿರಬಹುದು. ಇದನ್ನು ತಿಳಿಯುವ ಬಗೆ ಸುಲಭ: ಅವರಿಗೆ ಆಪ್ತರಾದ ಯಾರೊಂದಿಗಾದರೂ, ಉದಾಹರಣೆಗೆ ಸಂತೆಯ ದಿನ ಜೊತೆಗೆ ಕೂರುವ ಹಳೆಯ ಗೆಳೆಯನೊಂದಿಗೆ, ಅವರು ಕಾಲಿನ ಚಿಂತೆಯನ್ನು ಹೇಳಿಕೊಂಡಿದ್ದಾರೆಯೇ ಎಂದು ವಿಚಾರಿಸಿ. ಹೇಳಿಕೊಂಡಿದ್ದರೆ ಅದು ಮುಚ್ಚಿಡುವಿಕೆ, ಅದಕ್ಕೆ ಪರಿಹಾರವೂ ಹಣದ ಮಾತಿನಲ್ಲೇ ಇದೆ. ಯಾರ ಎದುರೂ, ತನ್ನ ಎದುರೂ ಆ ಮಾತು ಇಲ್ಲದಿದ್ದಾಗ ಮಾತ್ರ ನಿರಾಕರಣೆಯ ಬಗ್ಗೆ ಯೋಚಿಸಬೇಕು.

ಮೂರನೆಯ ಹೆಜ್ಜೆ: ದೂರ ತಳ್ಳಿದ್ದು ಏನನ್ನು, ಅದು ಹೋಗಿ ಸೇರಿದ್ದು ಎಲ್ಲಿ ಎಂದು ಕೇಳುವುದು

ಮೂರು ತಂತ್ರಗಳನ್ನು ಬೇರ್ಪಡಿಸಲು ಎರಡು ಪ್ರಶ್ನೆಗಳು ಸಾಕು. ತಳ್ಳಲಾಗಿರುವುದು ಹೊರಗಿನ ವಾಸ್ತವವೋ ಒಳಗಿನ ಭಾವನೆಯೋ? ಒಳಗಿನ ಭಾವನೆಯಾದರೆ, ಅದು ಯಾರ ಕಣ್ಣಿಗೂ ಬೀಳದೆ ಅಡಗಿದೆಯೋ ಅಥವಾ ಬೇರೊಬ್ಬರ ಮೇಲೆ ಹೋಗಿ ಕುಳಿತಿದೆಯೋ?

ಯಜಮಾನರು ತಳ್ಳುತ್ತಿರುವುದು ಹೊರಗಿನ ವಾಸ್ತವವನ್ನು: ಪಾದದಲ್ಲಿ ಎಲ್ಲರಿಗೂ ಕಾಣುವ ಒಂದು ಗಾಯವಿದೆ, ಪ್ರಯೋಗಾಲಯದ ವರದಿ ಅಲ್ಮೆರಾದಲ್ಲಿದೆ. ಇದು ನಿರಾಕರಣೆ. ಆದರೆ ನಿರಾಕರಣೆ ಎಂದೂ ಪೂರ್ತಿಯಾಗಿರುವುದಿಲ್ಲ ಎಂಬುದನ್ನು ಗಮನಿಸಬೇಕು. ಅವರು ತೋಟಕ್ಕೆ ಮೆದುವಾದ ಹೊಸ ಚಪ್ಪಲಿ ತರಿಸಿಕೊಂಡಿದ್ದಾರೆ, ಜಗಲಿಯಲ್ಲಿ ಕೂರುವಾಗ ಬಲಗಾಲನ್ನು ಒಳಗೆ ಮಡಿಸಿಕೊಳ್ಳುತ್ತಾರೆ, ತೀರಿಹೋದ ಅಣ್ಣನ ಮನೆಯ ಕಡೆಗೆ ಈಚೆಗೆ ಹೋಗಿಲ್ಲ. ಮನಸ್ಸಿನ ಒಂದು ಭಾಗ ತಿಳಿದುಕೊಂಡೇ ನಡೆಯುತ್ತಿದೆ. ಮುಂದೆ ಮಾತನಾಡುವಾಗ ನಮಗೆ ಒದಗುವುದು ಈ ತಿಳಿದಿರುವ ಭಾಗವೇ.

ಹಿರಿಯ ಮಗನ ಸಂಗತಿ ಬೇರೆ. ಅಪ್ಪನ ಗಾಯವನ್ನು ಅವನು ಒಪ್ಪುತ್ತಾನೆ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದೂ ಹೇಳುತ್ತಾನೆ. ಆದರೆ ಗೊತ್ತುಮಾಡಿದ ದಿನ ಬಂದಾಗ ಮರೆತುಬಿಡುತ್ತಾನೆ. ಅದೂ ಕೂಲಿಯವರ ಹಾಜರಿ, ಗೊಬ್ಬರದ ಬಾಕಿ, ಪಲ್ಪರಿನ ರಿಪೇರಿ ಯಾವುದನ್ನೂ ಮರೆಯದ ಮನುಷ್ಯ. ತಮ್ಮ ಊರಿಗೆ ಬರುವ ವಾರ ಅವನಿಗೆ ತಲೆನೋವು ಬರುತ್ತದೆ. ಕಾಲೇಜು ಬಿಟ್ಟ ಬಗ್ಗೆ ಬೇಸರವಿದೆಯೇ ಎಂದು ಕೇಳಿದರೆ "ಬೇಸರ ಯಾಕೆ, ನನಗೆ ಓದು ಅಷ್ಟಾಗಿ ಹತ್ತುತ್ತಿರಲಿಲ್ಲ" ಎಂದು ನಗುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಅಪ್ಪನ ಮೇಲಿನ ಸಿಟ್ಟು ಅವನ ಅರಿವಿನಲ್ಲಿ ಇಲ್ಲವೇ ಇಲ್ಲ. ಕಾಯಿಲೆಯ ಅಪ್ಪನ ಮೇಲೆ ಸಿಟ್ಟಾಗುವ ಮಗ ಎಂಥವನು ಎಂಬ ಪ್ರಶ್ನೆಯನ್ನು ಎದುರಿಸಲಾರದೆ ಮನಸ್ಸು ಆ ಸಿಟ್ಟನ್ನು ಅರಿವಿನ ಹೊರಗಿಟ್ಟಿದೆ. ಇದು ದಮನ. ಹೊರಗಿಟ್ಟದ್ದು ಸುಮ್ಮನಿರುವುದಿಲ್ಲ, ಮರೆವಾಗಿ, ತಲೆನೋವಾಗಿ, ಬಾಯಿತಪ್ಪಿದ ಮಾತಾಗಿ ಹಿಂತಿರುಗುತ್ತದೆ ಎಂಬುದು ಫ್ರಾಯ್ಡ್ ಅವರ ವಾದ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಸಿಟ್ಟು ಬಂದಿದೆಯೆಂದು ಗೊತ್ತಿದ್ದೂ, "ಅಪ್ಪ ಹುಷಾರಾಗಲಿ, ಆಮೇಲೆ ಮಾತಾಡೋಣ" ಎಂದು ತಡೆದುಕೊಳ್ಳುವುದು ದಮನವಲ್ಲ. ಅದು ತಿಳಿದು ಮಾಡುವ ಸಂಯಮ, ಮನೋವಿಜ್ಞಾನಿಗಳು ಅದನ್ನು ಪಕ್ವವಾದ ರಕ್ಷಣೆಗಳ ಸಾಲಿಗೆ ಸೇರಿಸುತ್ತಾರೆ. ಎರಡನೆಯದಾಗಿ, ಈ ಮೂರು ತಂತ್ರಗಳ ಪೈಕಿ ಅತಿ ಹೆಚ್ಚು ವಿವಾದಕ್ಕೆ ಒಳಗಾಗಿರುವುದು ದಮನ. ಹಿಂದಿನ ದೊಡ್ಡ ಆಘಾತಗಳು ಪೂರ್ತಿಯಾಗಿ ಅಳಿಸಿಹೋಗಿ, ಮುಂದೆಂದೋ ಯಥಾವತ್ತಾಗಿ ನೆನಪಿಗೆ ಬರುತ್ತವೆ ಎಂಬ ವಾದವನ್ನು ನೆನಪಿನ ಸಂಶೋಧಕರು ಗಟ್ಟಿಯಾಗಿ ಪ್ರಶ್ನಿಸಿದ್ದಾರೆ. ಒತ್ತಿ ಒತ್ತಿ ಕೇಳುವುದರಿಂದ ನಡೆಯದ ಘಟನೆಯೂ ನಡೆದಂತೆ ನೆನಪಾಗಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. ಆದ್ದರಿಂದ ಮನೆಯವರು ಯಾರ ಹಳೆಯ ನೆನಪನ್ನೂ ಅಗೆಯಲು ಹೋಗಬಾರದು. ಹಿರಿಯ ಮಗನ ಮರೆವು ಕೊಯ್ಲಿನ ದಣಿವಿನಿಂದಲೂ ಬಂದಿರಬಹುದು. ಅದು ಅಪ್ಪನಿಗೂ ತಮ್ಮನಿಗೂ ಸಂಬಂಧಿಸಿದ ಕೆಲಸಗಳಲ್ಲಿ ಮಾತ್ರ ಮತ್ತೆ ಮತ್ತೆ ಕಂಡರೆ ದಮನವಿರಬಹುದೆಂದು ಊಹಿಸಬಹುದು, ಅದಕ್ಕಿಂತ ಹೆಚ್ಚೇನನ್ನೂ ಹೇಳಲಾಗದು.

ಇನ್ನು ಕಿರಿಯ ಮಗ. ಗಾಯದ ಸುದ್ದಿ ಕೇಳಿದ ಮೇಲೆ ಅವನು ಬೆಂಗಳೂರಿನಿಂದ ಅತ್ತಿಗೆಗೆ ಫೋನ್ ಮಾಡಿ, "ಅಣ್ಣ ಬೇಕಂತಲೇ ಆಸ್ಪತ್ರೆಗೆ ಸೇರಿಸ್ತಿಲ್ಲ, ಅವನ ಕಣ್ಣೆಲ್ಲ ತೋಟದ ಮೇಲೇ ಇದೆ ಅತ್ತಿಗೆ" ಎನ್ನುತ್ತಾನೆ. ಕೆಲವು ತಿಂಗಳುಗಳಿಂದ ಅವನು ಮನೆ ಕಟ್ಟುವ ಸಾಲಕ್ಕಾಗಿ ಓಡಾಡುತ್ತಿದ್ದಾನೆ. ಬೇಲೂರು ಕಡೆ ಎಕರೆಗೆ ಎಷ್ಟು ನಡೆಯುತ್ತಿದೆಯೆಂದು ಗೆಳೆಯರನ್ನು ವಿಚಾರಿಸಿದ್ದಾನೆ. ಆಸ್ತಿಯ ಆಸೆ ಅವನೊಳಗೂ ಇದೆ, ಅಪ್ಪನ ಸೇವೆಗೆ ತಾನಿಲ್ಲ ಎಂಬ ಅಳುಕೂ ಇದೆ. ಈ ಎರಡೂ ಒಟ್ಟಿಗೆ ಇರಲಾರವು ಎಂದಾದಾಗ ಆಸೆಯು ಅಣ್ಣನದಾಗಿ ಕಾಣುತ್ತದೆ. ಇದು ಪ್ರಕ್ಷೇಪಣೆ.

ಪ್ರಕ್ಷೇಪಣೆಯನ್ನು ಗುರುತಿಸುವುದು ಕಷ್ಟ, ಏಕೆಂದರೆ ಅದು ಬರೀ ಗಾಳಿಯಲ್ಲಿ ನಿಲ್ಲುವುದಿಲ್ಲ. ಎದುರಿನವರಲ್ಲಿ ನಿಜವಾಗಿಯೂ ಇರುವ ಒಂದು ಸಣ್ಣ ಆಧಾರವನ್ನು ಹಿಡಿದುಕೊಳ್ಳುತ್ತದೆ. ಅಣ್ಣ ಆಸ್ಪತ್ರೆಯ ದಿನವನ್ನು ಮರೆತದ್ದು ನಿಜವೇ. ಹಾಗಾಗಿ ಆಪಾದನೆ ನಿಜವೋ ಸುಳ್ಳೋ ಎಂಬ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಸಾಕ್ಷ್ಯ ಕೊಟ್ಟಾಗ ಏನಾಗುತ್ತದೆ ಎಂದು ನೋಡಬೇಕು. ತೋಟದ ಲೆಕ್ಕದ ಪುಸ್ತಕದ ಫೋಟೋ ಕಳುಹಿಸಿದರೆ ಸಾಮಾನ್ಯವಾದ ಅನುಮಾನ ಕಡಿಮೆಯಾಗುತ್ತದೆ. ಪ್ರಕ್ಷೇಪಣೆ ಹಾಗಲ್ಲ, ಅದು ಜಾಗ ಬದಲಿಸುತ್ತದೆ: "ಲೆಕ್ಕ ಸರಿ ಇರಬಹುದು, ಆದರೆ ಮೆಣಸು ಮಾರಿದ್ದು ಇದರಲ್ಲಿ ಎಲ್ಲಿದೆ?" ಇದರಿಂದ ಇನ್ನೂ ಒಂದು ತೊಡಕು ಹುಟ್ಟುತ್ತದೆ. ಅನುಮಾನಕ್ಕೆ ಒಳಗಾದ ಅಣ್ಣ ಬೇಸತ್ತು ಲೆಕ್ಕ ತೋರಿಸುವುದನ್ನೇ ನಿಲ್ಲಿಸುತ್ತಾನೆ, ಆಗ ಅವನು ನಿಜವಾಗಿಯೂ ಏನನ್ನೋ ಮುಚ್ಚಿಡುತ್ತಿರುವವನಂತೆ ಕಾಣುತ್ತಾನೆ. ಎದುರಿನವರು ಕೊನೆಗೆ ಆಪಾದನೆಗೆ ತಕ್ಕಂತೆಯೇ ನಡೆದುಕೊಳ್ಳುವ ಈ ಬಗೆಯನ್ನು ಮನೋವಿಶ್ಲೇಷಕಿ ಮೆಲನಿ ಕ್ಲೈನ್ 1946ರಲ್ಲಿ ಹೆಸರಿಸಿದ ಒಂದು ಪರಿಕಲ್ಪನೆಯ ಜಾಡಿನಲ್ಲಿ ಮುಂದಿನ ವಿಶ್ಲೇಷಕರು ವಿಸ್ತಾರವಾಗಿ ಚರ್ಚಿಸಿದರು. ಅಣ್ಣತಮ್ಮಂದಿರ ಭಾಗದ ಜಗಳಗಳು ವರ್ಷಗಟ್ಟಲೆ ಎಳೆಯುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ.

ನಾಲ್ಕನೆಯ ಹೆಜ್ಜೆ: ಹಿಂದಿರುವ ಭಯವನ್ನು ಹುಡುಕುವುದು

ಬ್ರಿಟಿಷ್ ಮನೋಚಿಕಿತ್ಸಕ ಡೇವಿಡ್ ಮಲಾನ್ ಇದಕ್ಕೊಂದು ಸರಳವಾದ ತ್ರಿಕೋನವನ್ನು ಬಳಸುತ್ತಿದ್ದರು. ಒಂದು ಮೂಲೆಯಲ್ಲಿ ರಕ್ಷಣೆ, ಇನ್ನೊಂದರಲ್ಲಿ ಆತಂಕ, ಕೆಳಗಿನ ಮೂಲೆಯಲ್ಲಿ ಅಡಗಿರುವ ಭಾವನೆ. ನಮಗೆ ಕಣ್ಣಿಗೆ ಕಾಣುವುದು ರಕ್ಷಣೆ ಮಾತ್ರ. ಉಳಿದೆರಡನ್ನು ಪುಸ್ತಕದಲ್ಲಿ ಬರೆದುಕೊಂಡ ಸಂಗತಿಗಳಿಂದ ಊಹಿಸಬೇಕು.

ಯಜಮಾನರ ತ್ರಿಕೋನ ಹೀಗಿರಬಹುದು: ರಕ್ಷಣೆ "ಮುಳ್ಳು ಚುಚ್ಚಿದ್ದು" ಎಂಬ ಮಾತು, ಆತಂಕ, ಹಾಸನಕ್ಕೆ ಹೋದರೆ ಅಣ್ಣನಂತೆ ಕಾಲು ಕಳೆದುಕೊಂಡೇ ಬರಬೇಕಾದೀತು ಎಂಬುದು, ಅಡಗಿರುವ ಭಾವನೆ, ಅಣ್ಣನ ಸಾವಿನ ದುಃಖ. ಹಿರಿಯ ಮಗನಲ್ಲಿ ಅಡಗಿರುವುದು ಸಿಟ್ಟು, ಆತಂಕ ಕೆಟ್ಟ ಮಗನೆನಿಸಿಕೊಳ್ಳುವುದರದು. ಕಿರಿಯವನಲ್ಲಿ ಅಡಗಿರುವುದು ಆಸೆ ಮತ್ತು ತಪ್ಪಿತಸ್ಥ ಭಾವ, ಆತಂಕ ಮನೆಯಿಂದ ಹೊರಗಾಗುವುದರದು. ಇವೆಲ್ಲ ಊಹೆಗಳೇ ಆದ್ದರಿಂದ ಪೆನ್ಸಿಲಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಇಷ್ಟಾದ ಮೇಲೆ ಸೊಸೆ ತನ್ನದೊಂದು ತ್ರಿಕೋನವನ್ನೂ ಬರೆಯಬೇಕು. ಗಾಯದ ಚಿಂತೆ ಹೆಚ್ಚಾದ ದಿನಗಳಲ್ಲಿ ಅವಳು ಮಗುವಿನ ಹೋಂವರ್ಕಿನ ಮೇಲೆ ರೇಗಿದ್ದರೆ, ಮಾವನ ಮೇಲೆ ತೋರಿಸಲಾಗದ ಸಿಟ್ಟು ಅಲ್ಲಿಗೆ ಹರಿದಿದೆ ಎಂದಾಗುತ್ತದೆ. ಮೈದುನನದು ಪ್ರಕ್ಷೇಪಣೆ ಎಂದು ತೀರ್ಮಾನಿಸುವುದರಿಂದ ತನ್ನ ಗಂಡನ ಪಕ್ಷಕ್ಕೆ ಅನುಕೂಲವಿದೆಯೇ ಎಂದೂ ಅವಳು ಕೇಳಿಕೊಳ್ಳಬೇಕು. ಈ ಪರಿಕಲ್ಪನೆಗಳು ತಿಳಿದವರ ಕೈಯಲ್ಲಿ ಬೇಗನೆ ಆಯುಧಗಳಾಗುತ್ತವೆ.

ಐದನೆಯ ಹೆಜ್ಜೆ: ಮಾತನಾಡುವುದು

ಇಲ್ಲಿ ಪಾಲಿಸಬೇಕಾದ ಮುಖ್ಯ ನಿಯಮವೆಂದರೆ, ರಕ್ಷಣಾ ತಂತ್ರದ ಹೆಸರನ್ನು ಆ ವ್ಯಕ್ತಿಯ ಎದುರು ಎತ್ತಬಾರದು. "ನೀವು ಒಪ್ಪಿಕೊಳ್ಳುತ್ತಿಲ್ಲ" ಎಂದೊಡನೆ ಆತಂಕ ಹೆಚ್ಚುತ್ತದೆ, ಆತಂಕ ಹೆಚ್ಚಿದೊಡನೆ ರಕ್ಷಣೆ ಬಿಗಿಯಾಗುತ್ತದೆ. ಫೋಟೋ ತೋರಿಸಿ, ಕೊಳೆತ ಕಾಲುಗಳ ವಿಡಿಯೋ ತೋರಿಸಿ ಹೆದರಿಸುವವರು ಮಾಡುವುದೂ ಇದನ್ನೇ. ಭಯವೇ ಕಾರಣವಾದ ಕಡೆ ಇನ್ನಷ್ಟು ಭಯ ಸೇರಿಸಿದರೆ ಯಜಮಾನರು ಸ್ನಾನದ ನೀರನ್ನೂ ತಾವೇ ಕಾಯಿಸಿಕೊಳ್ಳತೊಡಗುತ್ತಾರೆ, ಆಮೇಲೆ ಗಾಯ ಯಾರಿಗೂ ಕಾಣುವುದೇ ಇಲ್ಲ.

ಭಯದ ಕಡೆಯಿಂದ ಮಾತು ಆರಂಭಿಸಿ, ಒಪ್ಪಿಗೆಯನ್ನು ಕೇಳದೆ ಒಂದು ಸಣ್ಣ ಕೆಲಸವನ್ನು ಮಾತ್ರ ಕೇಳಬೇಕು. ಸಂಜೆ, ಕೆಲಸದವರೆಲ್ಲ ಹೋದ ಮೇಲೆ, ಕಾಫಿ ಲೋಟ ಕೊಟ್ಟು ಸೊಸೆ ಹೀಗೆ ಹೇಳಬಹುದು:

"ಮಾವ, ದೊಡ್ಡಮಾವನ ಕಾಲು ತೆಗೆದಾಗ ಮನೇಲಿ ಎಲ್ಲರಿಗಿಂತ ನಿಮಗೇ ಜಾಸ್ತಿ ನೋವಾಗಿತ್ತು. ಆ ಆಸ್ಪತ್ರೆ ಮೆಟ್ಟಿಲು ಹತ್ತೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ."

ಇಷ್ಟು ಹೇಳಿ ನಿಲ್ಲಿಸಬೇಕು, ಉತ್ತರಕ್ಕೆ ಅವಸರಪಡಬಾರದು. ಯಜಮಾನರು ಸುಮ್ಮನಿರಬಹುದು, ಎದ್ದು ಹೋಗಬಹುದು, ಅಣ್ಣನ ಮಾತನ್ನೇ ಆಡತೊಡಗಬಹುದು. ಅಣ್ಣನ ಮಾತು ಬಂದರೆ ಗಾಯದ ವಿಷಯಕ್ಕೆ ಎಳೆಯದೆ ಕೇಳುತ್ತಾ ಕೂರಬೇಕು. ಆ ದಿನವೋ ಮರುದಿನವೋ ಎರಡನೆಯ ಮಾತು:

"ಹಾಸನಕ್ಕೆ ಬೇಡ ಮಾವ. ಬೇಲೂರು ಆಸ್ಪತ್ರೇಲಿ ಗಾಯ ತೊಳೆದು ಪಟ್ಟಿ ಕಟ್ಟಿಸಿಕೊಂಡು ಬರೋಣ, ಅಷ್ಟೇ. ಮುಳ್ಳೇ ಆಗಿದ್ರೂ ಅದನ್ನ ತೆಗೀಬೇಕಲ್ಲ."

'ಮುಳ್ಳು' ಎಂಬ ಅವರ ಮಾತನ್ನು ಹಾಗೆಯೇ ಉಳಿಸಿಕೊಂಡದ್ದನ್ನು ಗಮನಿಸಿ. ಮುಳ್ಳೋ ಅಲ್ಲವೋ ಎಂದು ವಾದಿಸಿ ಗೆಲ್ಲುವ ಅಗತ್ಯವಿಲ್ಲ. ಅವರ ಕಾಲು ವೈದ್ಯರ ಕಣ್ಣಿಗೆ ಬಿದ್ದರೆ ಸಾಕು. ಸಣ್ಣ ಗಾಯಗಳನ್ನು ಬೇಗ ತೋರಿಸಿದವರಲ್ಲಿ ಹೆಚ್ಚಿನವರ ಕಾಲು ಉಳಿಯುತ್ತದೆ ಎಂಬ ಮಾತನ್ನು ವೈದ್ಯರ ಬಾಯಿಂದಲೇ ಹೇಳಿಸುವುದು ಇನ್ನೂ ಒಳ್ಳೆಯದು, ಏಕೆಂದರೆ ಅದು ಅವರ ಭಯಕ್ಕೆ ನೇರವಾಗಿ ಉತ್ತರಿಸುತ್ತದೆ.

ಹಿರಿಯ ಮಗನೊಂದಿಗೆ "ನಿಮಗೆ ಅಪ್ಪನ ಮೇಲೆ ಸಿಟ್ಟಿದೆ" ಎಂದು ಹೇಳುವುದರಿಂದ ಪ್ರಯೋಜನವಿಲ್ಲ, ಅವನಿಗೆ ಅದು ಅನ್ಯಾಯದ ಆಪಾದನೆಯಾಗಿಯೇ ಕೇಳಿಸುತ್ತದೆ. ಹೆಂಡತಿಯಾದವಳು ಬೇರೆ ರೀತಿಯಲ್ಲಿ ದಾರಿ ಮಾಡಿಕೊಡಬಹುದು: "ಇಷ್ಟು ವರ್ಷ ಎಲ್ಲ ಒಬ್ಬರೇ ನೋಡಿಕೊಂಡ್ರಿ. ನಿಮ್ಮ ಜಾಗದಲ್ಲಿ ಯಾರೇ ಇದ್ರೂ ಒಂದೊಂದ್ಸಲ ಸಾಕಾಗಿ ಹೋಗುತ್ತೆ." ಯಾರಿಗಾದರೂ ಹಾಗನ್ನಿಸಬಹುದು ಎಂಬ ಅನುಮತಿ ಸಿಕ್ಕಾಗ, ಕೆಟ್ಟ ಮಗನಾಗುವ ಭಯ ಸ್ವಲ್ಪ ಇಳಿಯುತ್ತದೆ, ಭಯ ಇಳಿದಷ್ಟು ಭಾವನೆ ಮೇಲೆ ಬರುತ್ತದೆ. ಅದು ಮೊದಲು ಸಿಟ್ಟಿನ ರೂಪದಲ್ಲಿ ಬಂದರೆ ಗಾಬರಿಯಾಗಬಾರದು. ಅದರ ಜೊತೆಗೆ, ಆಸ್ಪತ್ರೆಯ ದಿನದ ಹೊಣೆಯನ್ನು ಅವನೊಬ್ಬನ ಮೇಲೆ ಬಿಡದೆ ಬಾಡಿಗೆ ವಾಹನವನ್ನು ಮೊದಲೇ ಗೊತ್ತುಮಾಡಿಡುವುದು ಜಾಣತನ, ಏಕೆಂದರೆ ಅವನ ಮನಸ್ಸು ತಿಳಿಯಾಗುವವರೆಗೆ ಗಾಯ ಕಾಯುವುದಿಲ್ಲ.

ಕಿರಿಯವನೊಂದಿಗೆ ಅಣ್ಣನ ಪರ ವಾದಿಸುವುದನ್ನೂ, "ಆಸೆ ಇರೋದು ನಿನಗೇ" ಎಂದು ತಿರುಗಿಸಿ ಹೇಳುವುದನ್ನೂ ಬಿಡಬೇಕು. ಅವನಿಗೆ ಅಪ್ಪನ ಆರೈಕೆಯಲ್ಲಿ ನಿಜವಾದ ಪಾಲು ಕೊಡುವುದು ಹೆಚ್ಚು ಫಲಕಾರಿ. "ನೀನು ಶನಿವಾರ ಬಂದು ಡಾಕ್ಟರ ಹತ್ತಿರ ಮಾತಾಡಪ್ಪ, ಇಂಗ್ಲಿಷ್ ರಿಪೋರ್ಟ್ ಎಲ್ಲ ನಿನಗೆ ಚೆನ್ನಾಗಿ ಅರ್ಥವಾಗುತ್ತೆ" ಎಂದರೆ ಅವನ ಅಳುಕಿಗೆ ಒಂದು ದಾರಿ ಸಿಗುತ್ತದೆ. ಅಳುಕು ಕಡಿಮೆಯಾದರೆ ತನ್ನ ಆಸೆಯನ್ನು ಅಣ್ಣನ ಮೇಲೆ ಹೊರಿಸುವ ಅಗತ್ಯವೂ ಕಡಿಮೆಯಾಗುತ್ತದೆ. ತೋಟದ ಲೆಕ್ಕವನ್ನು ಮಾತ್ರ, ಅನುಮಾನವಿರಲಿ ಬಿಡಲಿ, ಪ್ರತಿ ತಿಂಗಳೂ ಇಬ್ಬರಿಗೂ ತಲುಪುವಂತೆ ಮಾಡಬೇಕು. ಆಪಾದನೆ ಬಂದಾಗಷ್ಟೇ ತೋರಿಸುವ ಲೆಕ್ಕ ಸಮಜಾಯಿಷಿಯಂತೆ ಕಾಣುತ್ತದೆ.

ಆರನೆಯ ಹೆಜ್ಜೆ: ಎಲ್ಲಿ ಕಾಯಬಹುದು, ಎಲ್ಲಿ ಕಾಯಬಾರದು

ಕೆಟ್ಟ ಸುದ್ದಿ ಬಂದ ಮೊದಲ ದಿನಗಳಲ್ಲಿ ನಿರಾಕರಣೆ ಉಪಕಾರವನ್ನೇ ಮಾಡುತ್ತದೆ. ಒಮ್ಮೆಗೇ ಹೊರಲಾಗದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೊರಲು ಅದು ಅವಕಾಶ ಕೊಡುತ್ತದೆ. ಸಾವಿನ ಮನೆಯಲ್ಲಿ ತೀರಿಹೋದವರ ತಟ್ಟೆಯನ್ನೂ ಇಡುವ ತಾಯಿಯನ್ನು ತಿದ್ದಲು ಹೋಗಬಾರದು. ಚಿಕಿತ್ಸೆ ತಡವಾಗುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಹಾನಿಯಾಗುತ್ತಿದ್ದರೆ, ಅಥವಾ ಸಾಲ ಬೆಳೆಯುತ್ತಿದ್ದರೆ ಮಾತ್ರ ಕೈಹಾಕಬೇಕು.

ಯಜಮಾನರ ಗಾಯಕ್ಕೆ ಕಾಯುವ ಸಮಯವಿಲ್ಲ. ಸಕ್ಕರೆ ಕಾಯಿಲೆಯವರ ಪಾದದ ಗಾಯವನ್ನು ಒಂದೆರಡು ದಿನಗಳಲ್ಲೇ ವೈದ್ಯರಿಗೆ ತೋರಿಸಬೇಕು. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಬಣ್ಣ ಕಪ್ಪಾಗುತ್ತಿದ್ದರೆ, ದುರ್ವಾಸನೆ ಅಥವಾ ಜ್ವರವಿದ್ದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆಗ ಮೇಲೆ ಹೇಳಿದ ನಿಧಾನದ ಮಾತುಗಳನ್ನು ಬದಿಗಿಟ್ಟು, ಅವರು ಯಾರ ಮಾತನ್ನು ಮೀರುವುದಿಲ್ಲವೋ ಅವರನ್ನು, ಊರಿನ ಹಿರಿಯರನ್ನೋ ಅವರ ತಂಗಿಯನ್ನೋ ಕರೆಸಿಕೊಂಡು ಹೊರಡಿಸಬೇಕು.

ಅನುಮಾನವು ಯಾವ ಮಾತಿಗೂ ಬಗ್ಗದ ನಂಬಿಕೆಯಾಗಿ, ಊಟದಲ್ಲಿ ವಿಷ ಹಾಕಿದ್ದಾರೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಹಂತಕ್ಕೆ ಹೋಗಿದ್ದರೆ ಅದು ಮನೆಯ ಮಾತುಕತೆಯಿಂದ ಪರಿಹಾರವಾಗುವ ಪ್ರಕ್ಷೇಪಣೆಯಲ್ಲ, ಮನೋವೈದ್ಯರ ಚಿಕಿತ್ಸೆ ಬೇಕು. ಕುಡಿತ, ಹೊಡೆತ, ಸಾಯುವ ಮಾತು ಇವುಗಳಲ್ಲಿ ಯಾವುದು ಇದ್ದರೂ ಹಾಗೆಯೇ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕಾಯಿಲೆಯವರೇ ಮಾತನಾಡಬೇಕೆಂದಿಲ್ಲ, ಅವರ ಬಗ್ಗೆ ಚಿಂತೆಯಿರುವ ಮನೆಯವರೂ ಕರೆ ಮಾಡಬಹುದು.

ವೈದ್ಯರ ಬಳಿ ಹೋಗುವಾಗ ಎರಡು ವಾರ ಬರೆದಿಟ್ಟ ಪುಸ್ತಕವನ್ನು ಜೊತೆಗೆ ಒಯ್ಯಿರಿ. ಅದರಲ್ಲಿನ ತ್ರಿಕೋನಗಳ ಪುಟವನ್ನು ತೋರಿಸುವ ಅಗತ್ಯವಿಲ್ಲ. ಯಾವ ದಿನ ಏನು ನಡೆಯಿತು, ಯಾರು ಯಾವ ಮಾತು ಆಡಿದರು, ಆಮೇಲೆ ಏನು ಮಾಡಿದರು ಎಂಬ ಪುಟಗಳನ್ನು ಓದಿ ಹೇಳಿ, ಹೆಸರಿಡುವ ಕೆಲಸವನ್ನು ಅವರಿಗೆ ಬಿಡಿ.